ನೋಟ್‌ಬುಕ್ ಮುದ್ರಣಕ್ಕೆ ಕೊಟೇಶನ್

ಕೊಟೇಶನ್ ಸಂಖ್ಯೆ: 47/2025-26
ದಿನಾಂಕ: 9 ಮಾರ್ಚ್ 2026

ಗೆ,
ಮುಖ್ಯೋಪಾಧ್ಯಾಯಿನಿಯವರು,
ಪ್ರಾಥಮಿಕ ಮತ್ತು ಪ್ರೌಢಶಾಲಾ ವಿಭಾಗ

ವಿಷಯ: ಮುಂದಿನ ಶಾಲಾ ವರ್ಷಕ್ಕೆ 6,000 ನೋಟ್‌ಬುಕ್ ಮುದ್ರಿಸಿ ಕೊಡುವ ದರ

ಮಾನ್ಯ ಮೇಡಂ,

ನಮಸ್ಕಾರ. ಕಳೆದ ವಾರ ನೀವು ಕಳಿಸಿದ ಹಳೆಯ ನೋಟ್‌ಬುಕ್ ಮತ್ತು ಬೇಕಾದ ಪುಸ್ತಕಗಳ ಪಟ್ಟಿ ಎರಡೂ ತಲುಪಿವೆ. ಪಟ್ಟಿಯ ಪ್ರಕಾರ ಲೆಕ್ಕ ಹಾಕಿ ದರ ಕೊಡುತ್ತಿದ್ದೇನೆ. ಎಲ್ಲ ಪುಸ್ತಕದ ಅಳತೆ ಒಂದೇ, 24 × 18 ಸೆಂ.ಮೀ.

200 ಪುಟ, ಒಂದು ಗೆರೆ, ಮಾರ್ಜಿನ್ ಸಹಿತ
2,600 ಪುಸ್ತಕ × ರೂ. 28.00 = ರೂ. 72,800

96 ಪುಟ, ಒಂದು ಗೆರೆ ಮತ್ತು ಗಣಿತದ ಚೌಕ (ನಿಮ್ಮ ಪಟ್ಟಿಯಲ್ಲಿ ಇರುವಂತೆ)
3,000 ಪುಸ್ತಕ × ರೂ. 15.00 = ರೂ. 45,000

96 ಪುಟ, ನಾಲ್ಕು ಗೆರೆ, ಕೆಂಪು ಮತ್ತು ನೀಲಿ
400 ಪುಸ್ತಕ × ರೂ. 15.50 = ರೂ. 6,200

ಒಟ್ಟು: ರೂ. 1,24,000
ರಿಯಾಯಿತಿ 7%: ರೂ. 8,680
ರಿಯಾಯಿತಿ ಕಳೆದು: ರೂ. 1,15,320
ಸಾಗಣೆ: ರೂ. 1,800
ಕೊಡಬೇಕಾದ ಮೊತ್ತ: ರೂ. 1,17,120
(ಒಂದು ಲಕ್ಷದ ಹದಿನೇಳು ಸಾವಿರದ ನೂರ ಇಪ್ಪತ್ತು ರೂಪಾಯಿ ಮಾತ್ರ)

ನಾಲ್ಕು ಗೆರೆಯ ಪುಸ್ತಕಕ್ಕೆ 50 ಪೈಸೆ ಜಾಸ್ತಿ ಯಾಕೆ ಅಂತ ನೀವು ಕೇಳಬಹುದು. ಅದಕ್ಕೆ ಎರಡು ಬಣ್ಣದ ಗೆರೆ ಬೇಕು. ಎರಡೂ ಬಣ್ಣ ಸರಿಯಾದ ಜಾಗಕ್ಕೆ ಕೂರುವ ತನಕ ಒಂದಷ್ಟು ಹಾಳೆ ಹಾಳಾಗುತ್ತವೆ. 400 ಪುಸ್ತಕದ ಮೇಲೆ ಆ ಖರ್ಚು ಹಂಚಿದರೆ ಇಷ್ಟಾಗುತ್ತದೆ.

ಕಾಗದ 58 ಜಿಎಸ್‌ಎಂ ಮ್ಯಾಪ್‌ಲಿಥೊ. ಕವರ್ 230 ಜಿಎಸ್‌ಎಂ ಬೋರ್ಡು, ನಾಲ್ಕು ಬಣ್ಣದ ಆಫ್‌ಸೆಟ್ ಮುದ್ರಣ. ನೀವು ಬೇರೆ ಕಡೆಯಿಂದಲೂ ದರ ತರಿಸುತ್ತೀರಿ, ತರಿಸಲೇಬೇಕು. ಆದರೆ ಹೋಲಿಸುವಾಗ ದರದ ಜೊತೆ ಕಾಗದವನ್ನೂ ನೋಡಿ. 50 ಜಿಎಸ್‌ಎಂ ಕಾಗದ ಹಾಕಿದರೆ ನಾನೂ ಎರಡು ರೂಪಾಯಿ ಇಳಿಸಬಲ್ಲೆ. ಆಮೇಲೆ ಇಂಕ್ ಪೆನ್ನಿನಲ್ಲಿ ಬರೆದದ್ದು ಹಿಂದಿನ ಪುಟಕ್ಕೆ ಇಳಿದು, ಮಕ್ಕಳು ಒಂದು ಮಗ್ಗುಲಲ್ಲೇ ಬರೆಯುತ್ತಾರೆ. ಅರ್ಧ ಪುಸ್ತಕ ಸುಮ್ನೆ ಖಾಲಿ ಉಳಿಯುತ್ತದೆ.

ಇದನ್ನು ಕಂಡುಹಿಡಿಯಲು ನಿಮ್ಮ ಲ್ಯಾಬಿನ ತಕ್ಕಡಿ ಸಾಕು. ಈ ಅಳತೆಯ 200 ಪುಟದ ಪುಸ್ತಕ, ಅಂದರೆ 100 ಹಾಳೆ, 58 ಜಿಎಸ್‌ಎಂ ಆಗಿದ್ದರೆ ಕವರ್ ಸೇರಿ ಸುಮಾರು 270 ಗ್ರಾಂ ತೂಗುತ್ತದೆ. 50 ಜಿಎಸ್‌ಎಂ ಆದರೆ 235ರ ಆಸುಪಾಸು. ಹಾಗೇ ಹಾಳೆಗಳನ್ನೂ ಒಮ್ಮೆ ಎಣಿಸಿ. ಕವರಿನ ನಾಲ್ಕು ಮಗ್ಗುಲನ್ನೂ ಪುಟದ ಲೆಕ್ಕಕ್ಕೆ ಸೇರಿಸುವ ರೂಢಿ ನಮ್ಮ ಕಸುಬಿನಲ್ಲಿ ಇದೆ. ನಾನು 200 ಅಂದರೆ ಒಳಗಿನ ಬರೆಯುವ ಪುಟವೇ 200. ಈ ಪತ್ರದ ಜೊತೆ ಎರಡು ಮಾದರಿ ಪುಸ್ತಕ ಕಳಿಸಿದ್ದೇನೆ, ಅವನ್ನೇ ತೂಗಿ ನೋಡಿ.

200 ಪುಟದ್ದಕ್ಕೆ ನಡುಮಡಿಕೆಯಲ್ಲಿ ದಾರದ ಹೊಲಿಗೆ. 96 ಪುಟದ್ದಕ್ಕೆ ಎರಡು ಪಿನ್ನು. ದಪ್ಪ ಪುಸ್ತಕಕ್ಕೂ ಪಿನ್ನು ಹೊಡೆದರೆ ಪುಸ್ತಕಕ್ಕೆ 60 ಪೈಸೆ ಉಳಿಯುತ್ತದೆ, ಆದರೆ ದೀಪಾವಳಿ ಹೊತ್ತಿಗೆ ನಡುವಿನ ಹಾಳೆ ಕಳಚಿ ಬರುತ್ತದೆ. ಆ ಉಳಿತಾಯ ಬೇಡ ಅಂತ ನನ್ನ ಅಭಿಪ್ರಾಯ.

ರಿಯಾಯಿತಿ ಒಟ್ಟು ಪುಸ್ತಕಗಳ ಸಂಖ್ಯೆಯ ಮೇಲೆ. ಬೇರೆ ಬೇರೆ ಗೆರೆಯವನ್ನೆಲ್ಲ ಕೂಡಿಸಿಯೇ ಎಣಿಸುತ್ತೇವೆ. 3,000ದಿಂದ 4,999ರ ತನಕ 4%, 5,000ದಿಂದ 9,999ರ ತನಕ 7%, 10,000 ಮತ್ತು ಮೇಲಕ್ಕೆ 10%. ಮೂರು ಸಾವಿರಕ್ಕಿಂತ ಕಡಿಮೆಗೆ ರಿಯಾಯಿತಿ ಇಲ್ಲ. ನಿಮಗೆ 7% ಸಿಗುವುದರಿಂದ 28 ರೂಪಾಯಿಯ ಪುಸ್ತಕ 26 ರೂಪಾಯಿ 4 ಪೈಸೆಗೆ, 15 ರೂಪಾಯಿಯದ್ದು 13 ರೂಪಾಯಿ 95 ಪೈಸೆಗೆ ಬೀಳುತ್ತದೆ. 10% ಆಸೆಗೆ ಇನ್ನೂ ನಾಲ್ಕು ಸಾವಿರ ಪುಸ್ತಕ ಮಾಡಿಸಿ ಕೋಣೆ ತುಂಬಿಸಬೇಡಿ. ಪಕ್ಕದ ಶಾಲೆಯವರಿಗೂ ಇದೇ ಅಳತೆಯ ಪುಸ್ತಕ ಬೇಕಿದ್ದರೆ ಇಬ್ಬರೂ ಸೇರಿ ಆರ್ಡರ್ ಕೊಡಿ. ಕವರ್ ಬೇರೆ ಬೇರೆ ಇದ್ದರೂ ಪರವಾಗಿಲ್ಲ, 10% ಇಬ್ಬರಿಗೂ ಕೊಡುತ್ತೇನೆ.

ಕವರ್ ವಿಷಯ ಬಂತು. ಮೇಲಿನ ದರ ಎಲ್ಲ ಪುಸ್ತಕಕ್ಕೂ ಒಂದೇ ಕವರ್ ವಿನ್ಯಾಸ ಅಂತ ಹಿಡಿದು ಹಾಕಿದ್ದು. ತರಗತಿಗೊಂದು ಚಿತ್ರ ಬೇಕೆಂದರೆ ಪ್ರತಿ ಹೊಸ ವಿನ್ಯಾಸಕ್ಕೆ ನಾಲ್ಕು ಪ್ಲೇಟಿನ ಖರ್ಚು ರೂ. 1,600 ಸೇರುತ್ತದೆ. ಇನ್ನೊಂದು ಮಾತು: ಕವರಿನ ಮೇಲೆ 2026-27 ಅಂತ ವರ್ಷ ಹಾಕಿಸಬೇಡಿ. ಮಗು ತನ್ನ ಹೆಸರು ಬರೆಯುವ ಜಾಗದಲ್ಲೇ ವರ್ಷಕ್ಕೂ ಒಂದು ಗೆರೆ ಬಿಟ್ಟರಾಯಿತು. ಇನ್ನೂರು ಮುನ್ನೂರು ಪುಸ್ತಕ ಮಿಕ್ಕರೆ ಮುಂದಿನ ವರ್ಷ ಹಾಗೇ ಕೊಡಬಹುದು, ಅಲ್ವಾ?

ಕವರ್ ಪ್ರೂಫನ್ನು ದಯವಿಟ್ಟು ಇಬ್ಬರು ಓದಿ ಸಹಿ ಹಾಕಿ. ಕೆಲವು ವರ್ಷದ ಹಿಂದೆ ಒಂದು ಶಾಲೆಯ ಫೋನ್ ನಂಬರಿನಲ್ಲಿ ಕೊನೆಯ ಎರಡು ಅಂಕಿ ಅದಲುಬದಲಾಗಿತ್ತು. ನಮ್ಮಲ್ಲಿ ಟೈಪ್ ಮಾಡುವಾಗ ಆದ ತಪ್ಪು. ಅಕ್ಷರಗಳನ್ನೆಲ್ಲ ಓದಿದ ಅವರೂ ನಾವೂ ಅಂಕಿಯನ್ನು ಓದಿರಲಿಲ್ಲ. ಎರಡು ಸಾವಿರ ಕವರ್ ನನ್ನ ಖರ್ಚಿನಲ್ಲಿ ಮತ್ತೆ ಮುದ್ರಿಸಿದೆ. ಅಂದಿನಿಂದ ಸಹಿ ಇಲ್ಲದೆ ಮೆಷಿನ್ ಓಡಿಸುವುದಿಲ್ಲ. ಸಹಿಯಾದ ಪ್ರೂಫಿಗಿಂತ ಬೇರೆಯಾಗಿ ಮುದ್ರಣವಾದರೆ ಹೊಣೆ ಪೂರ್ತಿ ನಮ್ಮದು.

ತೆರಿಗೆ: ನೋಟ್‌ಬುಕ್ ಮೇಲಿದ್ದ 12% ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಇಲ್ಲ. ಹಾಗಾಗಿ ಬಿಲ್ಲಿನಲ್ಲಿ ಜಿಎಸ್‌ಟಿ ಸೇರುವುದಿಲ್ಲ, ನಿಮಗೆ ಬಿಲ್ ಆಫ್ ಸಪ್ಲೈ ಕೊಡುತ್ತೇವೆ. ಕವರ್ ಬೋರ್ಡು, ಇಂಕು ಇಂಥವಕ್ಕೆ ನಾವು ಕಟ್ಟುವ ತೆರಿಗೆ ಮಾತ್ರ ವಾಪಸ್ ಸಿಗುವುದಿಲ್ಲ, ಅದು ಮೇಲಿನ ದರದಲ್ಲೇ ಸೇರಿದೆ.

ಸಾಗಣೆ: ಒಟ್ಟು ತೂಕ 1,200 ಕಿಲೋ ಹತ್ತಿರ ಬರುತ್ತದೆ. 200 ಪುಟದ್ದು 20ರ ಕಟ್ಟು, 96 ಪುಟದ್ದು 40ರ ಕಟ್ಟು, ಎಲ್ಲ ಸೇರಿ 215 ಕಟ್ಟು. ಒಂದೇ ಗಾಡಿಯಲ್ಲಿ ಒಂದೇ ಸಲ ತಂದರೆ ರೂ. 1,800. ನೆಲ ಅಂತಸ್ತಿನ ಕೋಣೆಯಲ್ಲಿ ಇಳಿಸಿ ಜೋಡಿಸುವ ಕೂಲಿಯೂ ಇದರಲ್ಲೇ ಬಂತು. ಎರಡು ಕಂತಿನಲ್ಲಿ ಬೇಕೆಂದರೆ ರೂ. 3,300. ಮಹಡಿ ಮೇಲೆ ಹೊರಬೇಕಾದರೆ ಕಟ್ಟಿಗೆ 4 ರೂಪಾಯಿ. ಸಾಗಣೆಗೆ ರಿಯಾಯಿತಿ ಅನ್ವಯಿಸುವುದಿಲ್ಲ, ಗಾಡಿಯವರಿಗೆ ಕೊಡುವಷ್ಟನ್ನೇ ಹಾಕಿದ್ದೇನೆ. ಇಳಿಸುವ ಕೋಣೆಯಲ್ಲಿ ಸೋರಿಕೆ ಇಲ್ಲ ಅಂತ ಒಮ್ಮೆ ನೋಡಿಸಿ. ಕಟ್ಟುಗಳನ್ನು ಬರಿ ನೆಲದ ಮೇಲೆ ಇಡದೆ ಬೆಂಚಿನ ಮೇಲೆ ಇಟ್ಟರೆ ತೇವ ಹಿಡಿಯುವುದಿಲ್ಲ.

ಆರ್ಡರಿನ ಜೊತೆ ಅರ್ಧ ಮೊತ್ತ, ಅಂದರೆ ರೂ. 58,560, ಮುಂಗಡ ಬೇಕು. ಉಳಿದ ಅರ್ಧ ಪುಸ್ತಕ ತಲುಪಿದ ಏಳು ದಿನದೊಳಗೆ ಚೆಕ್ ಅಥವಾ ಬ್ಯಾಂಕ್ ಮೂಲಕ. ಮುಂಗಡ ಬಂದು ಪ್ರೂಫಿಗೆ ಸಹಿಯಾದ ಮೇಲೆ 21 ಕೆಲಸದ ದಿನ ಬೇಕಾಗುತ್ತದೆ. ಏಪ್ರಿಲ್ 10ರೊಳಗೆ ಇವೆರಡೂ ಮುಗಿದರೆ ಮೇ 15ರ ಹೊತ್ತಿಗೆ ಪುಸ್ತಕ ನಿಮ್ಮ ಶಾಲೆಯಲ್ಲಿರುತ್ತದೆ. ಅದಕ್ಕಿಂತ ತಡವಾದರೆ ತಾರೀಖಿನ ಮಾತು ಕೊಡಲಾರೆ, ಮೇ ತಿಂಗಳಲ್ಲಿ ಎಲ್ಲ ಶಾಲೆಯ ಕೆಲಸವೂ ಒಟ್ಟಿಗೆ ಬರುತ್ತದೆ.

ಈ ದರ ಮಾರ್ಚ್ 24ರ ತನಕ ಮಾತ್ರ. ಪುಸ್ತಕದ ಖರ್ಚಿನಲ್ಲಿ ದೊಡ್ಡ ಪಾಲು ಕಾಗದದ್ದೇ. ಮಿಲ್ಲಿನವರು ದರ ಬದಲಿಸಿದರೆ ನಾನು ತಡೆಯಲಾರೆ. ಅಷ್ಟರೊಳಗೆ ಆರ್ಡರ್ ಪತ್ರ ಕೊಟ್ಟರೆ ಆಮೇಲೆ ಕಾಗದ ಏರಿದರೂ ನಿಮ್ಮ ದರ ಏರುವುದಿಲ್ಲ.

ಹಾಳೆ ತಲೆಕೆಳಗಾಗಿದ್ದರೆ, ಗೆರೆ ಅಳಿಸಿದ್ದರೆ, ಹೊಲಿಗೆ ಬಿಟ್ಟಿದ್ದರೆ ಅಂಥ ಪುಸ್ತಕ ತೆಗೆದಿಡಿ. ಜೂನ್ ಕೊನೆಯ ತನಕ ಯಾವಾಗ ಹೇಳಿದರೂ ಹೊಸದು ಕೊಟ್ಟು ಅದನ್ನು ವಾಪಸ್ ತರುತ್ತೇವೆ.

ನಿಮ್ಮ ಹಳೆಯ ಕವರಿನಲ್ಲಿ ಶಾಲೆಯ ಲಾಂಛನ ಮಸುಕಾಗಿದೆ. ಮೂಲ ಫೈಲ್ ಇದ್ದರೆ ಪೆನ್‌ಡ್ರೈವಿನಲ್ಲಿ ಕಳಿಸಿಕೊಡಿ. ಇಲ್ಲದಿದ್ದರೆ ನಮ್ಮ ಹುಡುಗ ಹೊಸದಾಗಿ ಬಿಡಿಸುತ್ತಾನೆ, ಅದಕ್ಕೆ ಬೇರೆ ದುಡ್ಡಿಲ್ಲ.

ಇಂತಿ ತಮ್ಮ ವಿಶ್ವಾಸಿ,
(ಸಹಿ)
ಮಾಲೀಕರು, ಆಫ್‌ಸೆಟ್ ಮುದ್ರಣ ಮತ್ತು ಬೈಂಡಿಂಗ್

ಲಗತ್ತು: ಮಾದರಿ ಪುಸ್ತಕ 2 (200 ಪುಟ, 96 ಪುಟ), ಗೆರೆಯ ಮಾದರಿ ಹಾಳೆ 3