ನೂಲು ನೂಲಿನ ನಮ್ಮ ಬಾವುಟ

ಆಗಸ್ಟ್ 15, ಸ್ವಾತಂತ್ರ್ಯ ದಿನದ ಸಮೂಹ ಗೀತೆ. ಹಾಡುವವರು 5, 6 ಮತ್ತು 7ನೇ ತರಗತಿಯ ಮಕ್ಕಳು. ನಡುನಡುವೆ ಮಾತು ಹೇಳುವವರು ನಾಲ್ವರು.

ರಾಗ ಭೂಪ. ಸ ರಿ ಗ ಪ ದ, ಐದೇ ಸ್ವರ. ಮೇಲಿನ ಸ ದಾಟುವುದಿಲ್ಲ, ಹಾಗಾಗಿ ಯಾರ ಗಂಟಲಿಗೂ ತ್ರಾಸಿಲ್ಲ. ತಾಳ ರೂಪಕ್, ಏಳು ಮಾತ್ರೆ. ತಬಲಾ ಇಲ್ಲದಿದ್ದರೆ ಮೂರು, ನಾಲ್ಕು, ಮೂರು, ನಾಲ್ಕು ಎಂದು ಎಣಿಸಿ, ಪ್ರತಿ ಗುಂಪಿನ ಮೊದಲ ಎಣಿಕೆಗೆ ಚಪ್ಪಾಳೆ ತಟ್ಟಿ. ಇದು ನಿಂತು ಹಾಡುವ ಹಾಡು, ಕವಾಯತಿನ ಹೆಜ್ಜೆಗೆ ಕೂರುವುದಿಲ್ಲ. ಎಲ್ಲರೂ ಒಂದೇ ಧಾಟಿಯಲ್ಲಿ ಹಾಡಬೇಕು. ದಯವಿಟ್ಟು ಕಿರಚಬೇಡಿ. ಕಿರಚಿದರೆ ದೇಶಭಕ್ತಿ ಜಾಸ್ತಿ ಆಗೋದಿಲ್ಲ, ಶ್ರುತಿ ಮಾತ್ರ ತಪ್ಪುತ್ತದೆ.

ಮೊದಲ ಮಾತು (7ನೇ ತರಗತಿಯ ಹುಡುಗಿ, ಮೈಕ್ ಮುಂದೆ):
ಎಲ್ಲರಿಗೂ ನಮಸ್ಕಾರ. ಈಗಷ್ಟೇ ನಮ್ಮ ಶಾಲೆಯ ಅಂಗಳದಲ್ಲಿ ಬಾವುಟ ಏರಿತು. ಅದರ ಬಟ್ಟೆಯನ್ನು ಯಾರಾದರೂ ಹತ್ತಿರದಿಂದ ನೋಡಿದ್ದೀರಾ? ಖಾದಿ ಅದು. ಕೈಯಲ್ಲಿ ನೂತದ್ದು, ಕೈಯಲ್ಲಿ ನೇಯ್ದದ್ದು. ಬಾವುಟದ ಖಾದಿಗೆ ನಮ್ಮ ಧಾರವಾಡ ತಾಲ್ಲೂಕಿನ ಗರಗ ಹೆಸರುವಾಸಿ. ಬಾವುಟ ಹೊಲಿಯುವ ಕೆಲಸಕ್ಕೆ ಹುಬ್ಬಳ್ಳಿಯ ಬೆಂಗೇರಿ ಹೆಸರುವಾಸಿ. ಈಗ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಇದೆ, 2021ರ ಕೊನೆಗೆ ನಿಯಮ ಬದಲಾಯಿತು. ಇರಲಿ. ನಮ್ಮ ಹಾಡು ಮಾತ್ರ ಹತ್ತಿಯದು.

ಪಲ್ಲವಿ (ಎಲ್ಲರೂ, ಎರಡು ಸಲ)
ನೂಲು ನೂಲಿನ ನಮ್ಮ ಬಾವುಟ
ನೂರು ಕೈಗಳು ನೇಯ್ದ ಬಾವುಟ
ಮೇಲೆ ಏರಲಿ, ಗಾಳಿಗಾಡಲಿ
ಮೂರು ಬಣ್ಣದ ನಮ್ಮ ಬಾವುಟ

ಚರಣ 1
ಅಪ್ಪ ಬಿತ್ತಿದ ಮಳೆಯ ನಂಬುತ
ಕಪ್ಪು ಮಣ್ಣಲಿ ಮೊಳಕೆ ಮೂಡಿತು
ಹತ್ತಿ ನಕ್ಕಿತು ಬೆಳ್ಳ ಬೆಳ್ಳಗೆ
ಅವ್ವ ಬಿಡಿಸಲು ಉಡಿಯು ತುಂಬಿತು

ಮೇಲೆ ಏರಲಿ, ಗಾಳಿಗಾಡಲಿ
ಮೂರು ಬಣ್ಣದ ನಮ್ಮ ಬಾವುಟ

ಚರಣ 2 (ಮೊದಲ ಎರಡು ಸಾಲು ಹುಡುಗಿಯರು, ಆಮೇಲೆ ಎಲ್ಲರೂ)
ಚರಕ ತಿರುಗಿತು ಗರ್ರ ಗರ್ರನೆ
ಬೆರಳ ತುದಿಯಲಿ ಎಳೆಯು ಬಂದಿತು
ಹರಿದು ಹೋದರೆ ಮತ್ತೆ ಕೂಡಿಸಿ
ಗರಗದೂರಿನ ಅಕ್ಕ ನೂತಳು

ಚರಣ 3 (ನಿಲ್ಲದೆ ಮುಂದುವರಿಸಿ. ‘ಟಕಟ ಟಕಟಕ’ ಬಂದಾಗ ಎಡ ಅಂಗೈ ಮೇಲೆ ಬಲಗೈಯ ಎರಡು ಬೆರಳಿನಿಂದ ತಟ್ಟಿ)
ಮಗ್ಗ ನುಡಿಯಿತು ಟಕಟ ಟಕಟಕ
ಹಿಗ್ಗಿ ಹಾಡಿತು ಟಕಟ ಟಕಟಕ
ಮಾತು ಹಲವಿವೆ, ಊರು ಹಲವಿವೆ
ಹಾಸು ಹೊಕ್ಕಲಿ ಕೂಡಿಕೊಂಡಿವೆ
ಒಂಟಿ ಎಳೆಯನು ಹರಿಯಬಲ್ಲರು
ನೇಯ್ದ ಬಟ್ಟೆಯ ಹರಿವರಾರೋ!

ನೂಲು ನೂಲಿನ ನಮ್ಮ ಬಾವುಟ
ನೂರು ಕೈಗಳು ನೇಯ್ದ ಬಾವುಟ

ಎರಡನೇ ಮಾತು (5ನೇ ತರಗತಿಯ ಹುಡುಗ):
ಈ ಬಾವುಟವನ್ನು ಸಂವಿಧಾನ ಸಭೆ ಒಪ್ಪಿಕೊಂಡದ್ದು 1947ರ ಜುಲೈ 22ರಂದು. ಸ್ವಾತಂತ್ರ್ಯ ಬರಲು ಇನ್ನೂ ಮೂರು ವಾರ ಇತ್ತು. ಉದ್ದ ಮೂರು ಪಾಲಾದರೆ ಅಗಲ ಎರಡು ಪಾಲು. ನಡುವಿನ ಚಕ್ರಕ್ಕೆ ಎಷ್ಟು ಗೆರೆ ಅಂತ ನಾನು ಹೇಳೋದಿಲ್ಲ. ಹಾಡಲ್ಲೇ ಇದೆ, ಕೇಳಿ!

ಚರಣ 4
ಬೆಂಗೇರಿಯಲಿ ಸೂಜಿ ಕುಣಿಯಿತು
ಅಂಚು ಕೂಡಿಸಿ ಹೊಲಿಗೆ ಬಿದ್ದಿತು
ಮೇಲೆ ಕೇಸರಿ, ನಡುವೆ ಬೆಳ್ಳಗೆ
ಕೆಳಗೆ ಹಸಿರಿನ ಬೆಳೆಯ ಬಣ್ಣವು
ನಟ್ಟ ನಡುವಲಿ ನೀಲಿ ಚಕ್ರವು
ಗೆರೆಯನೆಣಿಸಿರಿ, ಇಪ್ಪತ್ನಾಲ್ಕು!

(‘ಬೆಂಗೇರಿಯಲಿ’ ಮತ್ತು ‘ಇಪ್ಪತ್ನಾಲ್ಕು’ ಎರಡೂ ಮೂರು, ನಾಲ್ಕರ ಲೆಕ್ಕಕ್ಕೆ ಸ್ವಲ್ಪ ಅಡ್ಡ ಬರುತ್ತವೆ. ಮಾತಾಡಿದ ಹಾಗೇ ಹಾಡಿ, ಏಳು ಮಾತ್ರೆ ತಾನಾಗಿ ಕೂರುತ್ತದೆ. ‘ಇಪ್ಪತ್ನಾಲ್ಕು’ ಮಾತ್ರ ಮೂರು ಸಲ ಹೇಳಿ. ಮೊದಲು 5ನೇ ತರಗತಿ, ಆಮೇಲೆ 6, ಆಮೇಲೆ 7.)

ಚರಣ 5
ದೆಹಲಿ ಕೋಟೆಯ ಮೇಲೆ ಹಾರುವ
ನಮ್ಮ ಹಳ್ಳಿಯ ಶಾಲೆಗೇರುವ
ದೊಡ್ಡದಾಗಲಿ, ಸಣ್ಣದಾಗಲಿ
ಅಳತೆ ಒಂದೇ, ಮೂರಕೆರಡೇ!

ಮೇಲೆ ಏರಲಿ, ಗಾಳಿಗಾಡಲಿ
ಮೂರು ಬಣ್ಣದ ನಮ್ಮ ಬಾವುಟ

ಮೂರನೇ ಮಾತು (6ನೇ ತರಗತಿಯ ಹುಡುಗಿ. ಹಾರ್ಮೋನಿಯಂ ಷಡ್ಜ ಹಿಡಿದಿರಲಿ, ತಬಲಾ ಬೇಡ):
ಬಾವುಟ ಏರಿಸಿದರೆ ಇವತ್ತು ಚಪ್ಪಾಳೆ ಬೀಳುತ್ತದೆ. ಆಗ ಲಾಠಿ ಬೀಳುತ್ತಿತ್ತು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಹತ್ತಿರ ಶಿವಪುರದಲ್ಲಿ, ಬೇಡವೆಂದರೂ ಜನ ಸೇರಿ ಧ್ವಜ ಹಾರಿಸಿದರು. ಅದೇ ತಿಂಗಳು 25ರಂದು ವಿದುರಾಶ್ವತ್ಥದಲ್ಲಿ ಪೊಲೀಸರು ಗುಂಡು ಹಾರಿಸಿದರು. 1942ರಲ್ಲಿ ಶಿವಮೊಗ್ಗ ಕಡೆಯ ಈಸೂರು, ನಮ್ಮದು ಸ್ವತಂತ್ರ ಹಳ್ಳಿ ಎಂದು ಸಾರಿ ವೀರಭದ್ರನ ಗುಡಿಯ ಮೇಲೆ ಬಾವುಟ ಕಟ್ಟಿತು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂದರು ಅಲ್ಲಿಯ ಜನ. ಮರುವರ್ಷ ಆ ಊರಿನ ಐದು ಮಂದಿಯನ್ನು ಗಲ್ಲಿಗೇರಿಸಿದರು.

ನಾಲ್ಕನೇ ಮಾತು (6ನೇ ತರಗತಿಯ ಹುಡುಗ):
ನಮ್ಮ ಹುಬ್ಬಳ್ಳಿಯಲ್ಲೂ 1942ರಲ್ಲಿ ಒಬ್ಬ ಹುಡುಗ ಚಳವಳಿಯ ಗುಂಪಿನಲ್ಲಿದ್ದ. ನಾರಾಯಣ ಡೋಣಿ. ನಮ್ಮ ಹಾಗೇ ಶಾಲೆಗೆ ಹೋಗುತ್ತಿದ್ದವನು. ಪೊಲೀಸರ ಗುಂಡಿಗೆ ಬಲಿಯಾದ.

ಚರಣ 6 (ಒಂದು ಸ್ವರ ಕೆಳಗಿನಿಂದ, ನಿಧಾನಕ್ಕೆ. ಕೊನೆಯ ಸಾಲಿಗೆ ತಬಲಾ ಮತ್ತೆ ಸೇರಲಿ)
ಲಾಠಿ ಬೀಸಲಿ, ಗುಂಡು ಹಾರಲಿ
ಕೋಲು ಬಿಡದೇ ನಿಂತರಜ್ಜರು
ವೀರಭದ್ರನ ಗುಡಿಯ ಮೇಲಕೆ
ಊರೆ ಏರಿಸಿತೊಂದು ಬಾವುಟ!

ನೂಲು ನೂಲಿನ ನಮ್ಮ ಬಾವುಟ
ನೂರು ಕೈಗಳು ನೇಯ್ದ ಬಾವುಟ

ಚರಣ 7 (ಮೊದಲಿನ ವೇಗಕ್ಕೆ ಬನ್ನಿ. ‘ಬಾರೊ ಗೆಳೆಯಾ’ ಎನ್ನುವಾಗ ಪಕ್ಕದವರ ಕೈ ಹಿಡಿಯಿರಿ, ಎಳೆದಾಡಬೇಡಿ)
ಪಾಟಿ ಚೀಲದ ನಾವು ಮಕ್ಕಳು
ಒಂದೆ ಸಾಲಲಿ ಕುಳಿತು ಉಣುವೆವು
ನೀನು ಯಾರವ? ಕೇಳಲಾರೆವು
ಬಾರೊ ಗೆಳೆಯಾ, ಬಾರೆ ಗೆಳತೀ
ಇಂದು ಎಳೆದರು ನಮ್ಮ ಗುರುಗಳು
ನಾಳೆ ಹಗ್ಗವ ನಾವೆ ಎಳೆವೆವು!

ಮುಕ್ತಾಯ (ಸಾಲು ಸಾಲಿಗೆ ದನಿ ಏರಿಸುತ್ತಾ, ಪ್ರತಿ ಮಾತ್ರೆಗೂ ಚಪ್ಪಾಳೆ)
ಮೇಲೆ ಏರಲಿ! ಮೇಲೆ ಏರಲಿ!
ಗಾಳಿಗಾಡಲಿ! ಗಾಳಿಗಾಡಲಿ!
ನಾಳೆ ಹಗ್ಗವ ನಾವೆ ಎಳೆವೆವು
ನಾವೆ ಎಳೆವೆವು, ನಾವೆ ಎಳೆವೆವು!

7ನೇ ತರಗತಿಯ ಹುಡುಗಿ: ಬೋಲೋ ಭಾರತ್ ಮಾತಾ ಕೀ!
ಎಲ್ಲರೂ: ಜೈ!

(ಜೈ ಆದ ಮೇಲೆ ಎರಡು ಎಣಿಕೆ ನಿಂತು, ಹಿಂದಿನ ಸಾಲಿನವರು ಮೊದಲು ವೇದಿಕೆಯ ಎಡಗಡೆಯಿಂದ ಇಳಿಯಲಿ. ಬಲಗಡೆ 4ನೇ ತರಗತಿಯವರು ಕೋಲಾಟಕ್ಕೆ ಕೋಲು ಹಿಡಿದು ಕಾಯುತ್ತಿರುತ್ತಾರೆ.)