ಹುಣಸೇಮರದಹಟ್ಟಿ ಮಜರೆಯ ಕಂದಾಯ ಗ್ರಾಮ ಮತ್ತು ಹೋಬಳಿಯನ್ನು ದೃಢೀಕರಿಸಿಕೊಡಲು ಕೋರಿ ಮನವಿ

ದಿನಾಂಕ: 09-06-2025

ಇವರಿಗೆ,
ಮಾನ್ಯ ತಹಶೀಲ್ದಾರ್‌ರವರು,
ತಾಲ್ಲೂಕು ಕಚೇರಿ, ಗುಬ್ಬಿ,
ತುಮಕೂರು ಜಿಲ್ಲೆ.

ಮಾನ್ಯರೇ,

ವಿಷಯ: ನಮ್ಮ ಮಜರೆಯು ಹಾಗಲವಾಡಿ ಹೋಬಳಿಯ ಬಿದರೆಕಾವಲು ಗ್ರಾಮಕ್ಕೆ ಸೇರಿದೆಯೋ, ಚೇಳೂರು ಹೋಬಳಿಯ ಕಲ್ಲುಗುಂಡಿಪುರಕ್ಕೆ ಸೇರಿದೆಯೋ ಎಂಬ ಬಗ್ಗೆ ಲಿಖಿತ ದೃಢೀಕರಣ.

ಹುಣಸೇಮರದಹಟ್ಟಿಯಲ್ಲಿ ಒಟ್ಟು 31 ಮನೆಗಳಿವೆ. ನಮಗೆ ತಿಳಿದಂತೆ ಹಳ್ಳದ ಮೂಡಲಿಗಿರುವ 22 ಮನೆಗಳು ಬಿದರೆಕಾವಲು ಸರ್ವೆ ನಂ. 47ರಲ್ಲಿಯೂ, ಪಡುವಲಿನ 9 ಮನೆಗಳು ಕಲ್ಲುಗುಂಡಿಪುರ ಸರ್ವೆ ನಂ. 8ರಲ್ಲಿಯೂ ಇವೆ. ಆದರೆ 31 ಮನೆಗಳ ಪಡಿತರ ಚೀಟಿ, ಮತದಾರರ ಚೀಟಿಗಳಲ್ಲೂ ಕಲ್ಲುಗುಂಡಿಪುರ, ಚೇಳೂರು ಹೋಬಳಿ ಎಂದೇ ಇದೆ. ಮೂಡಲ ಮನೆಯವರ ಜಮೀನಿನ ಪಹಣಿಗಳಲ್ಲಿ ಮಾತ್ರ ಬಿದರೆಕಾವಲು, ಹಾಗಲವಾಡಿ ಹೋಬಳಿ ಎಂದಿದೆ. ಎರಡೂ ಗ್ರಾಮಗಳು ಒಂದೇ ಪಂಚಾಯಿತಿಯಲ್ಲಿರುವುದರಿಂದ ಮನೆ ಕಂದಾಯದ ರಸೀದಿಯಿಂದ ಇದು ಇತ್ಯರ್ಥವಾಗುವುದಿಲ್ಲ.

ನಾಡಕಚೇರಿಯಲ್ಲಿ ಜಾತಿ-ಆದಾಯ ಪತ್ರಕ್ಕೆ ಅರ್ಜಿ ಹಾಕುವಾಗ ಮೊದಲು ಹೋಬಳಿ, ಆಮೇಲೆ ಗ್ರಾಮ ಆರಿಸಬೇಕು. ಮಜರೆಯ ಹೆಸರು ಅಲ್ಲಿ ಇಲ್ಲ. ತಪ್ಪು ಗ್ರಾಮ ಆರಿಸಿದರೆ ಅರ್ಜಿ ಬೇರೆ ಗ್ರಾಮ ಆಡಳಿತ ಅಧಿಕಾರಿಗೆ ಹೋಗಿ, ವ್ಯಾಪ್ತಿಗೆ ಬರುವುದಿಲ್ಲವೆಂದು ತಿರಸ್ಕೃತವಾಗುತ್ತದೆ. ಪಹಣಿಯಂತೆ ಹಾಕಿದರೆ ಪಡಿತರ ಚೀಟಿಯ ವಿಳಾಸ ಹೊಂದುವುದಿಲ್ಲ, ಚೀಟಿಯಂತೆ ಹಾಕಿದರೆ ಪಹಣಿ ಹೊಂದುವುದಿಲ್ಲ. ಮಕ್ಕಳ ಹಾಸ್ಟೆಲ್ ಮತ್ತು ವಿದ್ಯಾರ್ಥಿವೇತನದ ಅರ್ಜಿಗಳಿಗೆ ಈ ಪತ್ರಗಳು ಈ ತಿಂಗಳೇ ಬೇಕಾಗಿವೆ. ಇ-ಸ್ವತ್ತಿನ ನಮೂನೆ 9ಕ್ಕೂ ಗ್ರಾಮದ ಹೆಸರು ಖಚಿತವಾಗಲೇಬೇಕು.

ಆದ್ದರಿಂದ ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಯಲ್ಲಿರುವ ಎರಡೂ ಗ್ರಾಮಗಳ ನಕ್ಷೆ ಮತ್ತು ಆಕಾರಬಂದ್ ಪರಿಶೀಲಿಸಿ, ಎರಡೂ ಹೋಬಳಿಗಳ ಕಂದಾಯ ನಿರೀಕ್ಷಕರು ಭೂಮಾಪಕರೊಂದಿಗೆ ಒಟ್ಟಿಗೆ ಬಂದು ಸ್ಥಳ ನೋಡುವಂತೆ ಸೂಚಿಸಬೇಕೆಂದು ಕೋರುತ್ತೇವೆ. ಒಬ್ಬರೇ ಬಂದರೆ ಅವರ ಹೋಬಳಿಯ ಗಡಿ ಮಾತ್ರ ತಾಳೆಯಾಗುತ್ತದೆ. ಹಳ್ಳದ ದಂಡೆಯ ಹುಣಸೆಮರದ ಬುಡದಲ್ಲಿದ್ದ ಗಡಿಕಲ್ಲು ರಸ್ತೆಗೆ ಮಣ್ಣು ಹಾಕಿದಾಗ ಮುಚ್ಚಿಹೋಗಿದೆ. ಈಗ ಅದರ ತುದಿ ಒಂದು ಗೇಣಿನಷ್ಟು ಮಾತ್ರ ಕಾಣುತ್ತದೆ. ಅಳತೆಯ ದಿನ ಮಣ್ಣು ತೆಗೆದು ತೋರಿಸಲು ಜನ ಇರುತ್ತೇವೆ. ಹಳ್ಳದ ಪಾತ್ರವೂ ಹಿಂದಿನಿಂದ ಪಡುವಲಿಗೆ ಸರಿದಿರುವುದರಿಂದ ಈಗಿನ ಹಳ್ಳವನ್ನೇ ಗಡಿಯೆಂದು ಹಿಡಿಯದೆ, ನಕ್ಷೆಯ ಗಡಿಯನ್ನೇ ಹಿಡಿಯಬೇಕು.

ಮಜರೆಯನ್ನು ಪ್ರತ್ಯೇಕ ಕಂದಾಯ ಗ್ರಾಮ ಮಾಡಿ ಎಂಬುದು ಈ ಮನವಿಯಲ್ಲ. ಈಗಿರುವುದನ್ನು ಬರೆದುಕೊಟ್ಟರೆ ಸಾಕು. ಗಡಿ ಮಜರೆಯ ನಡುವೆ ಹಾದಿದೆ ಎಂದಾದರೆ, ಇಡೀ ಹಟ್ಟಿಗೆ ಒಂದೇ ಹೆಸರು ಕೊಡದೆ, ಯಾವ ಸರ್ವೆ ನಂಬರಿನ ಮನೆಗಳು ಯಾವ ಗ್ರಾಮ, ಯಾವ ಹೋಬಳಿ ಎಂದು ಬೇರೆಬೇರೆಯಾಗಿ ನಮೂದಿಸಬೇಕು. ದೃಢೀಕರಣದ ಪ್ರತಿಯನ್ನು ಎರಡೂ ನಾಡಕಚೇರಿಗಳ ಉಪ ತಹಶೀಲ್ದಾರರಿಗೆ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ, ತಮ್ಮ ಕಚೇರಿಯ ಆಹಾರ ಮತ್ತು ಚುನಾವಣಾ ಶಾಖೆಗಳಿಗೆ ಕಳುಹಿಸಿಕೊಡಬೇಕಾಗಿ ವಿನಂತಿ.

ಲಗತ್ತು: ಎರಡು ಸರ್ವೆ ನಂಬರುಗಳ ಪಹಣಿ ಪ್ರತಿ, 6 ಪಡಿತರ ಚೀಟಿಗಳ ಪ್ರತಿ, ಮನೆಗಳನ್ನು ಗುರುತಿಸಿದ ಕೈನಕ್ಷೆ, 31 ಮನೆಯವರ ಸಹಿ ಪಟ್ಟಿ.

ತಮ್ಮ ವಿಶ್ವಾಸಿಗಳು,
ಹುಣಸೇಮರದಹಟ್ಟಿ ನಿವಾಸಿಗಳು