ವಿರಾಜಪೇಟೆಯ ಪರಂಪರೆ ನಡಿಗೆ: ಉದ್ಘಾಟನಾ ಮಾತು

ಊರಿನ ಹಿರಿಯರೇ, ವರ್ತಕ ಬಂಧುಗಳೇ, ಈ ನಡಿಗೆಯನ್ನು ಏರ್ಪಡಿಸಿರುವ ಯುವಮಿತ್ರರೇ, ಮತ್ತು ನನ್ನ ಪಾಠಗಳನ್ನು ಒಮ್ಮೆ ಸಹಿಸಿಕೊಂಡದ್ದು ಸಾಲದೆಂದು ಇಂದು ಮತ್ತೆ ಬಂದಿರುವ ಹಳೆಯ ವಿದ್ಯಾರ್ಥಿಗಳೇ, ಎಲ್ಲರಿಗೂ ನಮಸ್ಕಾರ.

ನಾವೀಗ ಗಡಿಯಾರ ಕಂಬದ ಬಳಿ ನಿಂತಿದ್ದೇವೆ. ಪರಂಪರೆ ಎಂದೊಡನೆ ಅರಮನೆ, ಕೋಟೆ, ಗದ್ದಿಗೆಗಳು ಕಣ್ಣ ಮುಂದೆ ಬರುತ್ತವೆ. ಅವನ್ನು ನೋಡಬೇಕೆಂದರೆ ಮಡಿಕೇರಿಗೋ ನಾಲ್ಕುನಾಡಿಗೋ ಹೋಗಬೇಕು. ಇಲ್ಲಿರುವುದು ಪೇಟೆ. ಪೇಟೆಯ ಇತಿಹಾಸವನ್ನು ಅದರ ದಾರಿ, ಅದರ ಸರಕು ಮತ್ತು ಅದನ್ನು ನಂಬಿ ಬಂದು ನೆಲೆಸಿದ ಜನ, ಈ ಮೂರರಿಂದ ಓದಬೇಕೆಂಬುದು ನನ್ನ ಅಭಿಪ್ರಾಯ.

ಹುಟ್ಟಿನ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ದೊಡ್ಡ ವೀರರಾಜೇಂದ್ರನು 1790ರಲ್ಲಿ ಈಸ್ಟ್ ಇಂಡಿಯಾ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡನು. ಟಿಪ್ಪುವಿನ ಮೇಲಿನ ಯುದ್ಧಕ್ಕಾಗಿ ಮಲಬಾರಿನಿಂದ ಘಾಟಿ ಹತ್ತಿ ಬಂದ ಜನರಲ್ ಅಬರ್‌ಕ್ರಾಂಬಿಯ ಸೇನೆಗೆ ಕೊಡಗಿನ ಮೂಲಕ ದಾರಿ ಕೊಟ್ಟನು. ಆ ಜನರಲ್‌ನೊಂದಿಗಿನ ಭೇಟಿಯ ನೆನಪಿಗಾಗಿ 1792ರಲ್ಲಿ ಅರಸನು ತನ್ನ ಹೆಸರಿನಲ್ಲೇ ಈ ಊರನ್ನು ಕಟ್ಟಿಸಿದನೆಂಬುದು ದಾಖಲಾದ ಸಂಗತಿ. ಆದರೆ ಅರಸನ ಅಪ್ಪಣೆಯಿಂದ ಹುಟ್ಟಿದ ಪೇಟೆಗಳೆಲ್ಲ ಉಳಿಯುವುದಿಲ್ಲ. 1834ರಲ್ಲಿ ಅರಸೊತ್ತಿಗೆಯೇ ಕೊನೆಗೊಂಡರೂ ಇಲ್ಲಿನ ಅಂಗಡಿಗಳು ಮುಚ್ಚಲಿಲ್ಲ. ಅದಕ್ಕೆ ಕಾರಣ ಪೆರುಂಬಾಡಿ, ಮಾಕುಟ್ಟಗಳ ಮೂಲಕ ಕಣ್ಣೂರು, ತಲಶ್ಶೇರಿಗಳ ಕಡೆಗೆ ಇಳಿಯುವ ಆ ದಾರಿ.

ಕೊಡಗಿನಲ್ಲಿ ಭತ್ತ ಬೆಳೆಯುತ್ತಿತ್ತು, ಏಲಕ್ಕಿ, ಮೆಣಸು, ಜೇನು ಸಿಗುತ್ತಿದ್ದವು. ಉಪ್ಪು ಮಾತ್ರ ಒಂದು ಹಿಡಿಯೂ ಹುಟ್ಟುತ್ತಿರಲಿಲ್ಲ. ಅಕ್ಕಿ ಘಾಟಿಯಿಳಿದು ಹೋಗಬೇಕು, ಉಪ್ಪು, ಒಣಮೀನು, ತೆಂಗಿನಕಾಯಿ ಘಾಟಿ ಹತ್ತಿ ಬರಬೇಕು. ಎರಡೂ ಕೈ ಬದಲಾಯಿಸಲು ಒಂದು ತಾಣ ಬೇಕಿತ್ತು. ಏಲಕ್ಕಿಯ ವ್ಯಾಪಾರವನ್ನು ಅರಸರು ತಮ್ಮ ಹಿಡಿತದಲ್ಲಿ ಇಟ್ಟುಕೊಂಡಿದ್ದರೆಂದರೆ ಅದರಿಂದ ಬರುತ್ತಿದ್ದ ಹಣವನ್ನು ನೀವೇ ಊಹಿಸಬಹುದು. ಹತ್ತೊಂಬತ್ತನೆಯ ಶತಮಾನದ ಮಧ್ಯದಿಂದ ಕಾಫಿ ತೋಟಗಳು ಹಬ್ಬಿದಾಗ, ಅದೇ ದಾರಿಯಲ್ಲಿ ಎತ್ತಿನ ಗಾಡಿಗಳ ಮೇಲೆ ಕಾಫಿಯೂ ಕರಾವಳಿಗೆ ಇಳಿಯಿತು.

ಇನ್ನು ಜನರ ವಿಷಯ. ಕೊಡವರು ತಮ್ಮ ಗದ್ದೆ, ತೋಟಗಳ ನಡುವೆ, ಐನ್‌ಮನೆಗಳಲ್ಲಿ ದೂರದೂರ ವಾಸಿಸಿದವರು. ಸಂತೆಯ ದಿನ ಪೇಟೆಗೆ ಬಂದು ಸಂಜೆಗೆ ಮನೆಗೆ ಮರಳುತ್ತಿದ್ದರು. ಪೇಟೆಯಲ್ಲೇ ಬೀಡುಬಿಟ್ಟವರಲ್ಲಿ ಹೆಚ್ಚಿನವರು ಬೇರೆಡೆಯಿಂದ ಬಂದವರು. ನಾವು ಹಾದುಹೋಗಲಿರುವ ಜೈನರ ಬೀದಿ, ತೆಲುಗರ ಬೀದಿಗಳ ಹೆಸರುಗಳೇ ಅದಕ್ಕೆ ಸಾಕ್ಷಿ. ಸಂತ ಅನ್ನಮ್ಮನವರ ಚರ್ಚಿನ ಮೂಲವೂ ಇದೇ ಕಾಲದ್ದು: ಟಿಪ್ಪುವಿನ ಕಾಲದಲ್ಲಿ ನೆಲೆ ಕಳೆದುಕೊಂಡ ಕೊಂಕಣಿ ಕ್ರೈಸ್ತರಿಗೆ ವೀರರಾಜೇಂದ್ರನು ಇಲ್ಲಿ ಆಶ್ರಯ ಮತ್ತು ಭೂಮಿ ಕೊಟ್ಟನು. ಕೊಡವ ತಕ್ಕ್, ಕನ್ನಡ, ಮಲಯಾಳಂ, ಕೊಂಕಣಿ, ತುಳು, ಉರ್ದು ಇವಿಷ್ಟರಲ್ಲಿ ಚೌಕಾಸಿ ಮಾಡಲು ಬಾರದವನು ಇಲ್ಲಿ ಅಂಗಡಿ ಇಡುವುದು ಕಷ್ಟವಿತ್ತು. ಈಗಲೂ ಅಷ್ಟು ಸುಲಭವೇನಲ್ಲ.

ಸಂತೆಯ ಲೆಕ್ಕಾಚಾರವನ್ನೂ ಗಮನಿಸಿ. ಸೋಮವಾರಪೇಟೆ, ಶನಿವಾರಸಂತೆಗಳು ತಮ್ಮ ವಾರವನ್ನು ಹೆಸರಿನಲ್ಲೇ ಹೊತ್ತಿವೆ. ನಮ್ಮದು ಬುಧವಾರ, ಮಡಿಕೇರಿಯದು ಶುಕ್ರವಾರ. ಒಂದೇ ಗಂಟುಮೂಟೆಯ ವ್ಯಾಪಾರಿ ವಾರವಿಡೀ ಊರಿಂದೂರಿಗೆ ಸುತ್ತಲು ಅನುಕೂಲವಾಗುವಂತೆ ದಿನಗಳು ಹಂಚಿಕೊಂಡಿವೆ. ಇಂದು ಭಾನುವಾರ, ಗೋಣಿಕೊಪ್ಪದ ಸಂತೆ. ನಮ್ಮ ಬೀದಿಗಳು ಖಾಲಿಯಿರುವುದರಿಂದಲೇ ನಡಿಗೆಗೆ ಈ ದಿನವನ್ನು ಆರಿಸಿದ್ದು.

ನಡೆಯುವಾಗ ಫಲಕಗಳನ್ನು ಬಿಟ್ಟು ಅವುಗಳ ಮೇಲೆ ನೋಡಿ. ಹೊಸ ಬಣ್ಣ, ಹೊಸ ಗಾಜಿನ ಮೇಲೆ ಹಳೆಯ ಮಂಗಳೂರು ಹೆಂಚಿನ ಮಾಡು ಕೆಲವೆಡೆ ಹಾಗೆಯೇ ಇದೆ. ಒಂದು ಹಳೆಯ ಅಂಗಡಿಯ ಮುಂದೆ ನಾವು ನಿಲ್ಲುತ್ತೇವೆ. ಅದರ ಹಲಗೆ ಬಾಗಿಲಿನ ಒಂದೊಂದು ಹಲಗೆಯ ಮೇಲೂ ಉಳಿಯಿಂದ ಕೊರೆದ ಕನ್ನಡ ಅಂಕಿಯಿದೆ. ರಾತ್ರಿ ಮುಚ್ಚುವಾಗ ಆ ಕ್ರಮದಲ್ಲೇ ಹಲಗೆಗಳನ್ನು ಚೌಕಟ್ಟಿನ ಸಂದಿಗೆ ಇಳಿಸಬೇಕು, ಒಂದು ತಪ್ಪಿದರೆ ಕೊನೆಯದು ಕೂರುವುದಿಲ್ಲ. ಮೂರು ಮತ್ತು ನಾಲ್ಕರ ಅಂಚು ಕೈ ತಾಗಿ ತಾಗಿ ಸವೆದಿರುವುದನ್ನು ಮುಟ್ಟಿ ನೋಡಿ. ಇಂಥ ಬಾಗಿಲು ಕಿತ್ತು ಕಬ್ಬಿಣದ ಶಟರ್ ಹಾಕಿದವರನ್ನು ನಾನು ದೂರುವುದಿಲ್ಲ. ಮಳೆಗಾಲದಲ್ಲಿ ಮರ ಉಬ್ಬುವ ಕಷ್ಟ ಅಂಗಡಿಯವರಿಗೆ ಗೊತ್ತು. ಕೀಳುವ ಮುನ್ನ ಒಂದು ಫೋಟೋ ತೆಗೆದು, ಅಳತೆ ಬರೆದಿಡಿ ಎಂದಷ್ಟೇ ನನ್ನ ಕೋರಿಕೆ.

ಇಲ್ಲಿಂದ ಹೊರಟು ಜೈನರ ಬೀದಿ, ತೆಲುಗರ ಬೀದಿಗಳನ್ನು ದಾಟಿ ಚರ್ಚಿನ ಆವರಣದಲ್ಲಿ ಮುಗಿಸೋಣ. ಯಾರದೇ ಜಗಲಿ ಹತ್ತುವ ಮುನ್ನ ಮನೆಯವರನ್ನು ಕೇಳಿ, ಹಿರಿಯರು ಮಾತಿಗೆ ಸಿಕ್ಕರೆ ನನ್ನ ವಿವರಣೆಯನ್ನು ಬಿಟ್ಟು ಅವರ ಬಳಿ ನಿಲ್ಲಿ. ಮೋಡ ಕಟ್ಟುತ್ತಿದೆ, ಕೊಡೆ ತಂದವರು ತರದವರನ್ನು ಸೇರಿಸಿಕೊಳ್ಳಿ. ನಡೆಯೋಣ.